‘ತಿಳಿದುಬಂದಿರುತ್ತದೆ’: ಯಾರಿಗೆ? ಯಾರಿಂದ?

ಕಚೇರಿಯ ಕನ್ನಡದಲ್ಲಿ ಒಂದು ಪದವಿದೆ. ಗ್ರಾಮ ಪಂಚಾಯತಿಯಿಂದ ಹಿಡಿದು ಕಾಲೇಜಿನ ಆಡಳಿತ ಮಂಡಳಿಯವರೆಗೆ ಯಾರು ವರದಿ ಬರೆಯಲಿ, ಆ ಪದ ಬಂದೇ ಬರುತ್ತದೆ. “ಸದರಿ ವಿದ್ಯಾರ್ಥಿಯು ಹಣವನ್ನು ದುರುಪಯೋಗಪಡಿಸಿಕೊಂಡಿರುವುದಾಗಿ ತಿಳಿದುಬಂದಿರುತ್ತದೆ.” ಓದಲು ಗಂಭೀರವಾಗಿದೆ, ವ್ಯಾಕರಣ ತಪ್ಪಿಲ್ಲ, ಬರೆದವರ ಮೇಲೆ ಯಾವ ಹೊಣೆಯೂ ಇಲ್ಲ. ಆದರೆ ತಿಳಿದುಬಂದದ್ದು ಯಾರಿಗೆ? ಯಾರಿಂದ? ದಾಖಲೆ ನೋಡಿ ತಿಳಿಯಿತೇ, ಚಹಾದಂಗಡಿಯಲ್ಲಿ ಕೇಳಿ ತಿಳಿಯಿತೇ? ಆ ಒಂದು ಪದ ಈ ಪ್ರಶ್ನೆಗಳನ್ನೆಲ್ಲ ನುಂಗಿಬಿಡುತ್ತದೆ.

ವಿಚಿತ್ರವೆಂದರೆ, ಆಡುಮಾತಿನಲ್ಲಿ ನಾವು ಇಷ್ಟು ಅಜಾಗರೂಕರಲ್ಲ. “ಅವನು ಬಂದಿದ್ದಾನೆ” ಎಂಬುದಕ್ಕೂ “ಅವನು ಬಂದಿದ್ದಾನಂತೆ” ಎಂಬುದಕ್ಕೂ ಇರುವ ವ್ಯತ್ಯಾಸ ಮೂರು ವರ್ಷದ ಮಗುವಿಗೂ ಗೊತ್ತು. ಮೊದಲನೆಯದು ಕಂಡದ್ದು, ಎರಡನೆಯದು ಕೇಳಿದ್ದು. ತುಳುವಿನಲ್ಲಿಯೂ ಹಾಗೆಯೇ; “ಬತ್ತೆ” ಎಂಬುದಕ್ಕೆ ಒಂದು “ಗೆ” ಸೇರಿಸಿ “ಬತ್ತೆಗೆ” ಎಂದರೆ, ಹೇಳಿದವನು ಕಣ್ಣಾರೆ ಕಂಡಿಲ್ಲ ಎಂದು ಕೇಳಿದವನಿಗೆ ತಕ್ಷಣ ಅರ್ಥವಾಗುತ್ತದೆ. ಅದೇ ಮನುಷ್ಯ ಪೆನ್ನು ಹಿಡಿದು ವರದಿಗೆ ಕುಳಿತಾಗ “ಅಂತೆ” ಎಂದು ಬರೆಯಲು ನಾಚುತ್ತಾನೆ. ಅದು ಗ್ರಾಂಥಿಕವಲ್ಲ ಎಂಬ ಭಾವನೆ. ಹಾಗಾಗಿ “ಅಂತೆ” ಹೋಗಿ “ತಿಳಿದುಬಂದಿರುತ್ತದೆ” ಬರುತ್ತದೆ, ಕೇಳಿದ ಮಾತು ಸತ್ಯದ ಅಂಗಿ ತೊಟ್ಟು ಕುಳಿತುಬಿಡುತ್ತದೆ.

ಆಂತರಿಕ ವಿಚಾರಣೆಯ ವರದಿ ಎಂಬುದು ಇಂಥ ಮಾತುಗಳನ್ನು ಅವುಗಳ ಅಂಗಿ ಕಳಚಿ ಪ್ರತ್ಯೇಕ ಕೋಣೆಗಳಲ್ಲಿ ಕೂರಿಸುವ ಕೆಲಸ. ಕೋಣೆಗಳು ನಾಲ್ಕೇ. ಆರೋಪ ಏನು, ಸಾಕ್ಷ್ಯ ಏನಿದೆ, ಅದರಿಂದ ನಿರ್ಣಯವಾದದ್ದೇನು, ಇನ್ನು ಮಾಡಬೇಕಾದದ್ದೇನು. ಒಂದು ಕೋಣೆಯ ವಾಕ್ಯ ಇನ್ನೊಂದಕ್ಕೆ ನುಸುಳಿದರೆ ಕೆಡುವುದು ಬರೀ ವರದಿಯಲ್ಲ, ಒಬ್ಬ ಹುಡುಗನ ವರ್ಗಾವಣೆ ಪತ್ರದಲ್ಲಿ ‘ಗುಣನಡತೆ’ ಎಂಬ ಜಾಗದೆದುರು ಬರೆಯುವ ಒಂದು ಪದವೂ ಹೌದು.

ಒಂದು ಪ್ರಕರಣವನ್ನು ಕಟ್ಟಿಕೊಂಡು ನೋಡುವುದು ಸುಲಭ. ಇದು ಕಲ್ಪಿತವೇ, ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಮಕ್ಕಳನ್ನು ಓದಿಸುತ್ತಿರುವ ಯಾರಿಗೂ ಅಪರಿಚಿತವೆನಿಸದು.

ಮೂಡುಬಿದಿರೆಯ ಒಂದು ಪದವಿಪೂರ್ವ ಕಾಲೇಜು ಎಂದಿಟ್ಟುಕೊಳ್ಳೋಣ. ತರಗತಿಯಲ್ಲಿ 42 ಮಕ್ಕಳು. ನವೆಂಬರಿನಲ್ಲಿ ಶೃಂಗೇರಿ, ಆಗುಂಬೆಗೆ ಒಂದು ದಿನದ ಪ್ರವಾಸ. ತಲಾ 850 ರೂಪಾಯಿ. ಹಣ ಸಂಗ್ರಹಿಸಿ ಆಫೀಸಿಗೆ ಕಟ್ಟುವ ಜವಾಬ್ದಾರಿ ತರಗತಿಯ ನಾಯಕನದು. ಅವನು ಬೆಳ್ತಂಗಡಿ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗ. ಎಲ್ಲರೂ ಕೊಟ್ಟಿದ್ದಾರೆ ಎನ್ನುವುದಾದರೆ 35,700 ರೂಪಾಯಿ ಆಗಬೇಕು. ಆಫೀಸಿನ ಲೆಕ್ಕದಲ್ಲಿ ಇರುವುದು 31,450. ಕೊರತೆ 4,250. ಸುದ್ದಿ ಹಬ್ಬಿತು. ಪೋಷಕರೊಬ್ಬರು ಪ್ರಾಂಶುಪಾಲರಿಗೆ ಪತ್ರ ಬರೆದರು: “ನಾಯಕನಾದ ಹುಡುಗ ಪ್ರವಾಸದ ಹಣ ನುಂಗಿ ಹೊಸ ಮೊಬೈಲು ತೆಗೆದುಕೊಂಡಿದ್ದಾನೆ. ಇದು ಕ್ಲಾಸ್ ಟೀಚರಿಗೂ ಗೊತ್ತಿದ್ದು ಮುಚ್ಚಿಟ್ಟಿದ್ದಾರೆ. ಇಂಥವನನ್ನು ಕಾಲೇಜಿನಿಂದ ತೆಗೆಯಬೇಕು.” ಆಡಳಿತ ಮಂಡಳಿ ವಿಚಾರಣೆಗೆ ಒಬ್ಬರನ್ನು ನೇಮಿಸಿತು. ಅವರು ಬಂಟ್ವಾಳದ ನಿವೃತ್ತ ಮುಖ್ಯೋಪಾಧ್ಯಾಯರು. ಕಾಲೇಜಿಗೂ ಅವರಿಗೂ ಕೊಡುಕೊಳ್ಳುವಿಕೆ ಇಲ್ಲ, ಎರಡೂ ಮನೆಯವರ ನೆಂಟರಲ್ಲ. ಈ ಎರಡು ಸಂಗತಿಗಳನ್ನು ವರದಿಯ ಮೊದಲ ಪುಟದಲ್ಲೇ ಬರೆಯಬೇಕು. ವಿಚಾರಕರು ಯಾರು, ಯಾವ ದಿನಾಂಕದ ಯಾವ ಆದೇಶದಿಂದ ನೇಮಕವಾದರು ಎಂಬುದರ ಜೊತೆಗೆ.

ಮುಖ್ಯೋಪಾಧ್ಯಾಯರು ಮೊದಲು ಮಾಡುವ ಕೆಲಸ ಆ ಪತ್ರವನ್ನು ಬಿಡಿಸುವುದು. ಮೂರು ಸಾಲಿನ ಪತ್ರದಲ್ಲಿ ಎಷ್ಟು ಮಾತುಗಳಿವೆ? ಹುಡುಗ ಹಣ ಸಂಗ್ರಹಿಸಿ ಕಟ್ಟಲಿಲ್ಲ ಎಂಬುದು ಒಂದು. ಆ ಹಣದಿಂದ ಮೊಬೈಲು ಕೊಂಡ ಎಂಬುದು ಎರಡು. ಅಧ್ಯಾಪಕರಿಗೆ ಗೊತ್ತಿದ್ದೂ ತಿಳಿಸಲಿಲ್ಲ ಎಂಬುದು ಮೂರು. ಕಾಲೇಜಿನಿಂದ ತೆಗೆಯಬೇಕು ಎಂಬುದು ಆರೋಪವೇ ಅಲ್ಲ, ಬೇಡಿಕೆ. “ನುಂಗಿ” ಎಂಬುದು ಸಿಟ್ಟು. ವರದಿಯ ಮೊದಲ ಭಾಗದಲ್ಲಿ ಪತ್ರದ ಮೂಲ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಒಮ್ಮೆ ಕೊಟ್ಟು, ಆಮೇಲೆ ತಮ್ಮ ಮಾತಿನಲ್ಲಿ ಹೀಗೆ ಬರೆಯಬೇಕು: “ಆರೋಪ 1: ನವೆಂಬರ್ 10ರಿಂದ 12ರವರೆಗೆ ಸಂಗ್ರಹವಾದ ಪ್ರವಾಸದ ಶುಲ್ಕದಲ್ಲಿ 4,250 ರೂಪಾಯಿಯನ್ನು ತರಗತಿಯ ನಾಯಕನು ಪಡೆದು ಕಚೇರಿಗೆ ಪಾವತಿಸಲಿಲ್ಲ ಎಂಬುದು.” ಕೊನೆಯ “ಎಂಬುದು” ಬಹಳ ಮುಖ್ಯ. ಅದು ಇದ್ದರೆ ಅದು ದೂರುದಾರರ ಮಾತು. ಅದನ್ನು ತೆಗೆದರೆ ಬರೆದವರ ಮಾತಾಗುತ್ತದೆ. ಯಾರ ಮೇಲೆ, ಯಾವಾಗ, ಎಷ್ಟು, ಏನು ಎಂಬ ನಾಲ್ಕು ವಿವರ ಆರೋಪದಲ್ಲಿ ಇಲ್ಲವಾದರೆ ಆ ಹುಡುಗ ಯಾವುದಕ್ಕೆ ಉತ್ತರಿಸಬೇಕು? “ನೀನು ಒಳ್ಳೆಯವನಲ್ಲವಂತೆ” ಎಂಬುದಕ್ಕೆ ಯಾರಿಂದಲೂ ಉತ್ತರ ಕೊಡಲಾಗದು.

ಹಾಗೆಯೇ ಹೆಸರಿಡುವ ಪ್ರಶ್ನೆ. ‘ಆರೋಪಿ’ ಎಂದರೆ ಪತ್ರಿಕೆ ಓದುವವರ ಮನಸ್ಸಿನಲ್ಲಿ ಕೈಕೋಳ ಮೂಡುತ್ತದೆ. ‘ಸಂತ್ರಸ್ತ’ ಎಂದು ದೂರುದಾರರನ್ನು ಕರೆದರೆ ತೀರ್ಪು ಆಗಲೇ ಆದಂತೆ. ‘ದೂರುದಾರರು’, ‘ವಿದ್ಯಾರ್ಥಿ’, ‘ತರಗತಿಯ ಅಧ್ಯಾಪಕರು’ ಎಂಬಷ್ಟು ಸಾಕು. ಹುಡುಗನಿಗೆ ಆರೋಪದ ಪ್ರತಿಯನ್ನು ಬರವಣಿಗೆಯಲ್ಲಿ ಕೊಟ್ಟು, ಉತ್ತರಿಸಲು ಒಂದು ವಾರ ಸಮಯ ಕೊಟ್ಟು, ಅವನು ಹದಿನೆಂಟು ತುಂಬದವನಾದ್ದರಿಂದ ಹೇಳಿಕೆಯ ಹೊತ್ತಿನಲ್ಲಿ ತಂದೆಯೋ ತಾಯಿಯೋ ಪಕ್ಕದಲ್ಲಿ ಕೂರಬಹುದೆಂದು ತಿಳಿಸಿದರೆ ಒಳ್ಳೆಯದು. ಪೋಷಕರು ಕೇಳಬೇಕಾದದ್ದೂ ಇದನ್ನೇ. ಮಗನನ್ನು ಪ್ರಾಂಶುಪಾಲರ ಕೋಣೆಗೆ ಕರೆಸಿ, ನಿಲ್ಲಿಸಿಕೊಂಡು, ಒಂದು ಬಿಳಿ ಹಾಳೆಯಲ್ಲಿ “ನನ್ನಿಂದ ತಪ್ಪಾಗಿದೆ” ಎಂದು ಬರೆಸಿಕೊಂಡರೆ ಅದು ಸಾಕ್ಷ್ಯವಲ್ಲ, ಹೆದರಿಕೆ.

ಇನ್ನು ಎರಡನೆಯ ಭಾಗ. ಇಲ್ಲಿ ಹೆಚ್ಚು ಹೊತ್ತು ಕೂರಬೇಕು.

ಮುಖ್ಯೋಪಾಧ್ಯಾಯರು ಮನುಷ್ಯರನ್ನು ಕೇಳುವ ಮೊದಲು ಕಾಗದವನ್ನು ಕೇಳುತ್ತಾರೆ. ರಶೀದಿ ಪುಸ್ತಕ ತರಿಸಿದರು. ಐವತ್ತು ಹಾಳೆಯ ಪುಸ್ತಕ. 1ರಿಂದ 42ರವರೆಗಿನ ಅಡಿಪ್ರತಿಗಳು ತುಂಬಿವೆ. 1ರಿಂದ 22ರವರೆಗೆ ನವೆಂಬರ್ 10ರ ದಿನಾಂಕ, 23ರಿಂದ 27ರವರೆಗೆ 11ರದು, 28ರಿಂದ 42ರವರೆಗೆ 12ರದು. ಆಫೀಸಿನ ಹಣಸ್ವೀಕೃತಿ ಪುಸ್ತಕದಲ್ಲಿ 10ರಂದು 18,700 ಮತ್ತು 12ರಂದು 12,750 ರೂಪಾಯಿ ಜಮೆಯಾಗಿದೆ. 11ರಂದು ಏನೂ ಇಲ್ಲ. ಇಪ್ಪತ್ತೆರಡು ಮಕ್ಕಳ ಹಣ ಹದಿನೆಂಟು ಸಾವಿರದ ಏಳುನೂರು, ಹದಿನೈದು ಮಕ್ಕಳ ಹಣ ಹನ್ನೆರಡು ಸಾವಿರದ ಏಳುನೂರೈವತ್ತು, ಲೆಕ್ಕ ಸರಿಹೋಯಿತು. ಅಂದರೆ ಕಾಣೆಯಾದದ್ದು ಅಲ್ಲಿಷ್ಟು ಇಲ್ಲಿಷ್ಟು ಸೋರಿದ ಹಣವಲ್ಲ. ಒಂದೇ ದಿನದ, ಐದು ಮಕ್ಕಳ ಹಣ. ಊರೆಲ್ಲ ಹಬ್ಬಿದ ಸುದ್ದಿಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ.

ಆಮೇಲೆ ಹಾಜರಿ ಪುಸ್ತಕ. ನವೆಂಬರ್ 11ರಂದು ನಾಯಕನ ಹೆಸರಿನೆದುರು ಗೈರುಹಾಜರಿ.

ಇಲ್ಲಿ ಓದುವವರಿಗೆ ಉತ್ತರ ಹೊಳೆದುಬಿಡುತ್ತದೆ, ಬರೆಯುವವರಿಗೂ ಹೊಳೆಯುತ್ತದೆ. ಹುಡುಗ ನಿರಪರಾಧಿ ಎಂದು ಅಲ್ಲೇ ಬರೆದುಬಿಡುವ ಆಸೆಯಾಗುತ್ತದೆ. ಬರೆಯಬಾರದು. ಸಾಕ್ಷ್ಯದ ಕೋಣೆಯಲ್ಲಿ ಹೇಳಬಹುದಾದದ್ದು ಇಷ್ಟೇ: “ಹಾಜರಿ ಪುಸ್ತಕದಲ್ಲಿ ನವೆಂಬರ್ 11ರಂದು ವಿದ್ಯಾರ್ಥಿಯ ಹೆಸರಿನೆದುರು ಗೈರು ಎಂದು ಗುರುತಿಸಲಾಗಿದೆ.” “ಅಂದು ಅವನು ಕಾಲೇಜಿಗೆ ಬಂದಿರಲಿಲ್ಲ” ಎಂಬುದು ಕೂಡ ಅಷ್ಟರಮಟ್ಟಿಗೆ ಹೆಚ್ಚಿನ ಮಾತು, ಹಾಜರಿ ಕೂಗಿದ ಮೇಲೆ ತಡವಾಗಿ ಬಂದಿರಬಹುದಲ್ಲ? ಬಸ್ಸು ಕೈಕೊಟ್ಟ ದಿನ ಹಾಗೆ ಬರುವ ಮಕ್ಕಳು ಎಷ್ಟಿಲ್ಲ! ಒಳ್ಳೆಯ ಸುದ್ದಿಯನ್ನಾದರೂ ಅವಸರದಿಂದ ಬರೆದರೆ ಅದೂ ಪಕ್ಷಪಾತವೇ. ಹಾಗಾಗಿ ಅಂದು ಪಾಠ ಮಾಡಿದ ಇನ್ನಿಬ್ಬರು ಅಧ್ಯಾಪಕರ ಹಾಜರಿಯನ್ನೂ ನೋಡಿದರು, ಅಲ್ಲೂ ಗೈರು.

23ರಿಂದ 27ರವರೆಗಿನ ಅಡಿಪ್ರತಿಗಳ ಅಕ್ಷರ ಬೇರೆಯಂತೆ ಕಾಣುತ್ತದೆ. ಮುಖ್ಯೋಪಾಧ್ಯಾಯರು ನಲವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವರಿರಬಹುದು, ಆದರೆ ಹಸ್ತಾಕ್ಷರ ತಜ್ಞರಲ್ಲ. “ಅಕ್ಷರ ಬೇರೆಯವರದು” ಎಂದು ಬರೆಯುವ ಬದಲು ತರಗತಿಯಲ್ಲಿ ಕೇಳುವುದು ಸರಿಯಾದ ದಾರಿ. ಕೇಳಿದಾಗ ಇನ್ನೊಬ್ಬ ವಿದ್ಯಾರ್ಥಿ ಎದ್ದುನಿಂತ. “ಆ ದಿನ ನಾಯಕ ಬಂದಿರಲಿಲ್ಲ. ಸರ್ ನನ್ನ ಹತ್ತಿರ ರಶೀದಿ ಬರೆಯಲು ಹೇಳಿದರು. ಐದು ಜನ ಕೊಟ್ಟರು. ಮಧ್ಯಾಹ್ನ ಊಟದ ಹೊತ್ತಿಗೆ ಕವರಿನಲ್ಲಿ ಹಾಕಿ ಆಫೀಸಿನಲ್ಲಿ ಕೊಟ್ಟೆ.” ಯಾರ ಕೈಗೆ? “ಅಟೆಂಡರ್ ಅಕ್ಕನ ಹತ್ತಿರ.”

ಹೀಗೆ ಹೇಳಿಕೆ ಬರೆದುಕೊಳ್ಳುವಾಗ ಒಂದು ಪದ ಎಚ್ಚರವಿಲ್ಲದೆ ಬರುತ್ತದೆ: “ಒಪ್ಪಿಕೊಂಡನು”. “ರಶೀದಿ ಬರೆದಿರುವುದಾಗಿ ಒಪ್ಪಿಕೊಂಡನು.” ಒಪ್ಪಿಕೊಳ್ಳುವುದು ತಪ್ಪನ್ನು, ಸಂಗತಿಯನ್ನು ಹೇಳುವುದು. “ಹೇಳಿದನು” ಎಂದರೆ ಸಾಕು. “ತಡಬಡಾಯಿಸಿದನು”, “ಮುಖ ಬಾಡಿತು”, “ಹಾರಿಕೆಯ ಉತ್ತರ ಕೊಟ್ಟನು” ಇವೂ ಬೇಡ. ಬೆಳ್ತಂಗಡಿಯ ಹಳ್ಳಿಯಿಂದ ಬಂದ ಹದಿನಾರರ ಹುಡುಗ ಅಪರಿಚಿತ ಹಿರಿಯರ ಎದುರು ತಡಬಡಾಯಿಸದೆ ಇನ್ನೇನು ಮಾಡುತ್ತಾನೆ? ಉತ್ತರ ಕೊಡಲಿಲ್ಲವಾದರೆ ಯಾವ ಪ್ರಶ್ನೆಗೆ ಉತ್ತರ ಕೊಡಲಿಲ್ಲ ಎಂದು ಪ್ರಶ್ನೆಯನ್ನೇ ಬರೆಯಬೇಕು.

ಮುಂದಿನ ಹೇಳಿಕೆ ಅಟೆಂಡರ್ ಅಕ್ಕನದು. ಆಕೆ ಮಾತಾಡುವುದು ತುಳು. ಬರೆದುಕೊಳ್ಳುತ್ತಿದ್ದುದು ಕಾಲೇಜಿನ ಟೈಪಿಸ್ಟ್, ಕನ್ನಡದಲ್ಲಿ. ಈ ಭಾಗದ ವಿಚಾರಣೆಗಳಲ್ಲಿ ಇದು ದಿನನಿತ್ಯದ ಸಂಗತಿ. ಹೇಳುವುದು ತುಳುವಿನಲ್ಲೋ ಬ್ಯಾರಿಯಲ್ಲೋ ಕೊಂಕಣಿಯಲ್ಲೋ, ದಾಖಲಾಗುವುದು ಕನ್ನಡದಲ್ಲಿ. ಆಕೆ ಹೇಳಿದ್ದು, “ಕವರ್ ದೆತ್ತೊಂಡೆ.” ಹಾಳೆಯ ಮೇಲೆ ಬಂದದ್ದು, “ಕವರನ್ನು ಅವನು ತೆಗೆದುಕೊಂಡನು.”

ತುಳು ಬಲ್ಲವರಿಗೆ ಇಲ್ಲಿ ಏನಾಯಿತೆಂದು ಗೊತ್ತಾಗುತ್ತದೆ. ತುಳುವಿನಲ್ಲಿ “ನಾನು ತೆಗೆದುಕೊಂಡೆ” ಎಂಬುದೂ “ಅವನು ತೆಗೆದುಕೊಂಡ” ಎಂಬುದೂ ಕೊನೆಯ ಸ್ವರದಲ್ಲಿ ಮಾತ್ರ ಬೇರೆ. ಒಂದರಲ್ಲಿ ‘ಎ’ ಸಾಧಾರಣ, ಇನ್ನೊಂದರಲ್ಲಿ ಬಾಯಿ ಸ್ವಲ್ಪ ಹೆಚ್ಚು ತೆರೆಯುತ್ತದೆ. ಕಿವಿಗೆ ವ್ಯತ್ಯಾಸ ಸ್ಪಷ್ಟ. ಕನ್ನಡ ಲಿಪಿಗೆ ಆ ಎರಡನೆಯ ಸ್ವರಕ್ಕೆ ಅಕ್ಷರವಿಲ್ಲ. ಎರಡನ್ನೂ “ದೆತ್ತೊಂಡೆ” ಎಂದೇ ಬರೆಯುತ್ತೇವೆ. “ಯಾನ್” ಎಂದೋ “ಆಯೆ” ಎಂದೋ ಮೊದಲಿಗೆ ಸೇರಿಸದಿದ್ದರೆ ಕಾಗದದ ಮೇಲೆ ನಾನೂ ಅವನೂ ಒಂದೇ. ಟೈಪಿಸ್ಟ್ ಮೊದಲು ತುಳುವಿನಲ್ಲಿ ಗೀಚಿಕೊಂಡು, ಸಂಜೆ ಅದನ್ನು ನೋಡಿ ಕನ್ನಡಕ್ಕೆ ತಂದಾಗ ‘ನಾನು’ ಹೋಗಿ ‘ಅವನು’ ಬಂದ. ಇನ್ನೂ ಒಂದು ತೊಡಕಿದೆ. ಆ ಕ್ರಿಯಾಪದಕ್ಕೆ ಕೊಟ್ಟದ್ದನ್ನು ಸ್ವೀಕರಿಸುವುದು ಎಂದೂ ಅರ್ಥ, ಇದ್ದದ್ದನ್ನು ಎತ್ತಿಕೊಳ್ಳುವುದು ಎಂದೂ ಅರ್ಥ. ನಮ್ಮ “ತೆಗೆದುಕೊಂಡ” ಎಂಬುದೂ ಹಾಗೆಯೇ; ಪ್ರಸಾದ ತೆಗೆದುಕೊಂಡವನೂ ಅವನೇ, ಪರ್ಸು ತೆಗೆದುಕೊಂಡವನೂ ಅವನೇ.

ಮುಖ್ಯೋಪಾಧ್ಯಾಯರು ಮರುದಿನ ಆಕೆಯನ್ನು ಕರೆಸಿ ಹೇಳಿಕೆಯನ್ನು ತುಳುವಿನಲ್ಲಿ ಓದಿ ಹೇಳಿದರು. ಆಕೆ ಗಾಬರಿಯಾದರು. “ಅವನಲ್ಲ ಮಾಸ್ಟ್ರೇ, ನಾನು! ಹುಡುಗ ಕೊಟ್ಟ ಕವರನ್ನು ನಾನು ತೆಗೆದುಕೊಂಡು ಕ್ಲಾರ್ಕರ ಮೇಜಿನ ಮೇಲಿಟ್ಟೆ. ಅವರು ಬ್ಯಾಂಕಿಗೆ ಹೋಗಿದ್ದರು.” ಕವರಿನಲ್ಲಿ ಎಷ್ಟಿತ್ತು? “ನಾನು ತೆರೆದು ನೋಡಲಿಲ್ಲ.” ತಿದ್ದುಪಡಿಯನ್ನು ಹಳೆಯ ಸಾಲು ಒರಸದೆ, ಕೆಳಗೆ ಹೊಸದಾಗಿ ಬರೆದು, ಆಕೆಯ ತುಳು ಮಾತನ್ನು “ಯಾನ್ ದೆತ್ತೊಂಡೆ” ಎಂದು ಸರ್ವನಾಮ ಸಹಿತ ಕನ್ನಡ ಲಿಪಿಯಲ್ಲೇ ಇಟ್ಟು, ಎದುರಿಗೆ ಅರ್ಥ ಕೊಟ್ಟು, ದಿನಾಂಕ ಹಾಕಿ ಸಹಿ ಪಡೆದರು. ಓದಿ ಹೇಳುವ ಹತ್ತು ನಿಮಿಷ ಉಳಿಸಲು ಹೋಗಿದ್ದರೆ, ಕವರನ್ನು ಹುಡುಗನೇ ವಾಪಸು ಒಯ್ದ ಎಂಬುದು ಸಹಿ ಸಹಿತ ಶಾಶ್ವತವಾಗುತ್ತಿತ್ತು.

ಕ್ಲಾರ್ಕರು ಆ ದಿನ ಮೂರು ಗಂಟೆಗೆ ಬಂದಾಗ ಮೇಜಿನ ಮೇಲೆ ಕವರು ನೋಡಿದ ನೆನಪಿಲ್ಲ ಎಂದರು. ನೆನಪಿಲ್ಲ ಎಂಬುದು “ಇರಲಿಲ್ಲ” ಎಂಬುದಲ್ಲ, ಹಾಗೆಯೇ ಬರೆಯಬೇಕು. ಮೊಬೈಲಿನ ಬಿಲ್ಲನ್ನು ಹುಡುಗನ ತಂದೆ ತಂದರು. ಜೂನ್ ತಿಂಗಳ ತಾರೀಕು, ಹಣ ಸಂಗ್ರಹಕ್ಕೆ ಐದು ತಿಂಗಳ ಮುಂಚಿನದು. ಅಧ್ಯಾಪಕರು ನವೆಂಬರ್ 13ರಂದೇ ಪಟ್ಟಿ ತಾಳೆ ನೋಡಿ ಕೊರತೆ ಗಮನಿಸಿದ್ದಾಗಿಯೂ, ಸಿಗಬಹುದೆಂದು ಕಾದಿದ್ದಾಗಿಯೂ, 24ರಂದು ಪ್ರಾಂಶುಪಾಲರಿಗೆ ತಿಳಿಸಿದ್ದಾಗಿಯೂ ಹೇಳಿದರು.

ನಡುವೆ ಒಂದು ಪ್ರಸಂಗ ನಡೆಯಿತು. ಹುಡುಗನ ತಂದೆ ಎದ್ದು, “ಇಷ್ಟೆಲ್ಲ ಯಾಕೆ? ಅವರೂ ಬರಲಿ, ನಾವೂ ಬರುತ್ತೇವೆ, ಧರ್ಮಸ್ಥಳದಲ್ಲಿ ಆಣೆ ಮಾಡುವ” ಎಂದರು. ಬೆಳ್ತಂಗಡಿಯವರ ಬಾಯಲ್ಲಿ ಇದು ಬಂದರೆ ಆಶ್ಚರ್ಯವಿಲ್ಲ; ಜಿಲ್ಲೆಯಲ್ಲಿ ಜಗಳಗಳು ಆಣೆ ಪ್ರಮಾಣದ ಮಾತಿಗೆ ತಲುಪುವುದು ಹೊಸತಲ್ಲ. ವಿಚಾರಕರು ಅದನ್ನು ಗೇಲಿ ಮಾಡಬಾರದು, ಪುರಸ್ಕರಿಸಲೂ ಬಾರದು. ತಂದೆಯವರು ಹಾಗೆ ಹೇಳಿದರು ಎಂದು ಒಂದು ಸಾಲು ದಾಖಲಿಸಿ ಮುಂದೆ ಹೋಗಬೇಕು. ನಿರ್ಣಯದ ಭಾಗದಲ್ಲಿ ಅದಕ್ಕೆ ಜಾಗವಿಲ್ಲ. ಆಣೆಗೆ ಸಿದ್ಧನಾದದ್ದು ಸತ್ಯಕ್ಕೆ ಪುರಾವೆಯಲ್ಲ, ದೂರುದಾರರು ಹಿಂಜರಿದರೆ ಅದು ಸುಳ್ಳಿಗೆ ಪುರಾವೆಯೂ ಅಲ್ಲ. ಭಯಭಕ್ತಿ ಇರುವವನು ಸತ್ಯವಿದ್ದೂ ಆಣೆಗೆ ಹೆದರುತ್ತಾನೆ.

ಈಗ ಮೂರನೆಯ ಕೋಣೆ. ಎಷ್ಟು ಸಾಕ್ಷ್ಯ ಇದ್ದರೆ ‘ಸಾಬೀತಾಗಿದೆ’ ಎನ್ನಬಹುದು? ಕ್ರಿಮಿನಲ್ ನ್ಯಾಯಾಲಯದಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾತಾಗಬೇಕು. ಆಂತರಿಕ ವಿಚಾರಣೆಯಲ್ಲಿ ಅಷ್ಟು ಬೇಡ. ನಡೆದಿರದ ಸಾಧ್ಯತೆಗಿಂತ ನಡೆದಿರುವ ಸಾಧ್ಯತೆ ಹೆಚ್ಚು ಎಂದು ಕಂಡರೆ ಸಾಕು. ಈ ಅಳತೆಯ ಎರಡು ಗಡಿಕಲ್ಲುಗಳನ್ನು ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳು ನೆಟ್ಟಿವೆ. ಎರಡೂ ನೌಕರರಿಗೆ ಸಂಬಂಧಿಸಿದವು, ಆದರೆ ಅವುಗಳ ತರ್ಕ ಕಾಲೇಜಿನ ವಿಚಾರಣೆಗೂ ದಾರಿ ತೋರಿಸುತ್ತದೆ.

1977ರ ಹರಿಯಾಣ ರಾಜ್ಯ ಮತ್ತು ರತನ್ ಸಿಂಗ್ ಪ್ರಕರಣ ಒಬ್ಬ ಬಸ್ ಕಂಡಕ್ಟರನದು. ತಪಾಸಣಾ ತಂಡ ಬಸ್ಸು ನಿಲ್ಲಿಸಿ ನೋಡಿದಾಗ ಕೆಲವು ಪ್ರಯಾಣಿಕರ ಬಳಿ ಟಿಕೇಟು ಇರಲಿಲ್ಲ. ದುಡ್ಡು ಕೊಟ್ಟಿದ್ದೇವೆ ಎಂದರು. ವಿಚಾರಣೆಯಲ್ಲಿ ಆ ಪ್ರಯಾಣಿಕರು ಯಾರೂ ಬಂದು ಸಾಕ್ಷಿ ಹೇಳಲಿಲ್ಲ. ತಪಾಸಣೆ ಮಾಡಿದವರು ಹೇಳಿದರು. ಕೆಳಗಿನ ನ್ಯಾಯಾಲಯಗಳು ಇದು ಸಾಲದು ಎಂದವು. ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಆಂತರಿಕ ವಿಚಾರಣೆಗೆ ಸಾಕ್ಷ್ಯ ಕಾಯಿದೆಯ ಬಿಗಿ ನಿಯಮಗಳಿಲ್ಲ; ವಿಷಯಕ್ಕೆ ಸಂಬಂಧವಿದ್ದು ನಂಬಿಕೆಗೆ ಅರ್ಹವಾಗಿದ್ದರೆ ಇನ್ನೊಬ್ಬರಿಂದ ಕೇಳಿದ ಮಾತನ್ನೂ ಪರಿಗಣಿಸಬಹುದು ಎಂದಿತು. ಅಂದರೆ “ಅಂತೆ”ಗೂ ವಿಚಾರಣೆಯಲ್ಲಿ ಸ್ಥಾನವಿದೆ, ಅದು “ಅಂತೆ” ಎಂದು ಹೇಳಿಕೊಂಡೇ ಬರಬೇಕು. ಇನ್ನೊಂದು ಗಡಿಕಲ್ಲು ಎಚ್. ಸಿ. ಗೋಯೆಲ್ ಪ್ರಕರಣ. ಎಂಜಿನಿಯರೊಬ್ಬರು ಮೇಲಧಿಕಾರಿಗೆ ನೂರರ ನೋಟು ಕೊಡಲು ಹೋದರೆಂಬ ಆರೋಪ ಅದರಲ್ಲಿತ್ತು. ಸಂಶಯ ಎಷ್ಟೇ ಬಲವಾಗಿರಲಿ ಆಂತರಿಕ ವಿಚಾರಣೆಯಲ್ಲಿಯೂ ಅದು ಪುರಾವೆಯ ಜಾಗದಲ್ಲಿ ಕೂರಬಾರದು ಎಂದು ಅಲ್ಲಿ ನ್ಯಾಯಾಲಯ ಹೇಳಿತು.

ಈ ಎರಡರ ನಡುವೆ ನಿಂತು ಮುಖ್ಯೋಪಾಧ್ಯಾಯರು ಬರೆದ ನಿರ್ಣಯಗಳು ಹೀಗಿವೆ. “ಸಂಗ್ರಹಕ್ಕೂ ಜಮೆಗೂ 4,250 ರೂಪಾಯಿ ವ್ಯತ್ಯಾಸವಿರುವುದು ಸಾಬೀತಾಗಿದೆ (ರಶೀದಿ ಅಡಿಪ್ರತಿ 23–27, ಹಣಸ್ವೀಕೃತಿ ಪುಸ್ತಕ). ಆ ಹಣವನ್ನು ತರಗತಿಯ ನಾಯಕನು ಪಡೆದನೆಂಬುದು ಸಾಬೀತಾಗಿಲ್ಲ. ಅಂದು ಆತ ಗೈರುಹಾಜರಾಗಿದ್ದನೆಂದು ಮೂರು ಹಾಜರಿ ದಾಖಲೆಗಳು ಹೇಳುತ್ತವೆ, ರಶೀದಿಗಳನ್ನು ತಾನು ಬರೆದುದಾಗಿ ಇನ್ನೊಬ್ಬ ವಿದ್ಯಾರ್ಥಿಯು ಹೇಳಿರುತ್ತಾನೆ. ಮೊಬೈಲಿನ ಕುರಿತ ಆರೋಪ ಸಾಬೀತಾಗಿಲ್ಲ. ಖರೀದಿಯು ಸಂಗ್ರಹಕ್ಕಿಂತ ಮುಂಚಿನದು. ಅಧ್ಯಾಪಕರು ಕೊರತೆಯನ್ನು ತಿಳಿದ ಹನ್ನೊಂದು ದಿನಗಳ ನಂತರ ಪ್ರಾಂಶುಪಾಲರಿಗೆ ತಿಳಿಸಿದ್ದು ಸಾಬೀತಾಗಿದೆ; ಉದ್ದೇಶಪೂರ್ವಕವಾಗಿ ಮುಚ್ಚಿಟ್ಟರೆಂಬುದಕ್ಕೆ ಸಾಕ್ಷ್ಯವಿಲ್ಲ.” ಪ್ರತಿ ನಿರ್ಣಯದ ಬೆನ್ನಿಗೂ ಅದಕ್ಕೆ ಆಧಾರವಾದ ದಾಖಲೆ ಇದೆ. ಆಧಾರದ ಕಡೆಗೆ ಬೆರಳು ತೋರಿಸಲಾಗದ ವಾಕ್ಯ ಕಂಡರೆ ಅದನ್ನು ಹೊಡೆದುಹಾಕಬೇಕು. ವರದಿ ಸರಿಯಿದೆಯೇ ಎಂದು ಪರೀಕ್ಷಿಸಲು ಇದಕ್ಕಿಂತ ಸುಲಭದ ದಾರಿಯಿಲ್ಲ, ಪೋಷಕರೂ ಮಾಡಬಹುದು.

ಹಾಗಾದರೆ ಹಣ ಎಲ್ಲಿ ಹೋಯಿತು? ಕವರು ಅಟೆಂಡರ್ ಅಕ್ಕನ ಕೈ ತಲುಪಿತು ಎಂಬುದಕ್ಕೆ ಕೊಟ್ಟವನ ಮಾತೂ ಪಡೆದವಳ ಮಾತೂ ಹೊಂದುತ್ತವೆ. ಅಲ್ಲಿಂದ ಮುಂದೆ ದಾರಿ ಕಾಣುವುದಿಲ್ಲ. ಇಲ್ಲಿ ಅನೇಕ ಒಳ್ಳೆಯ ವಿಚಾರಕರೂ ಎಡವುತ್ತಾರೆ. ಒಬ್ಬನನ್ನು ಬಿಟ್ಟ ಮೇಲೆ ಇನ್ನೊಬ್ಬರನ್ನು ಹಿಡಿಯಲೇಬೇಕು ಎನಿಸುತ್ತದೆ, ಅದೂ ಎಲ್ಲರಿಗಿಂತ ಕಡಿಮೆ ಸಂಬಳದವರನ್ನು. ಆಕೆಯ ಮೇಲೆ ಯಾರೂ ಆರೋಪ ಮಾಡಿಲ್ಲ, ಆಕೆಗೆ ನೋಟೀಸು ಕೊಟ್ಟಿಲ್ಲ, ಉತ್ತರಿಸುವ ಅವಕಾಶ ಸಿಕ್ಕಿಲ್ಲ. ಕ್ಲಾರ್ಕರ ವಿಷಯವೂ ಅಷ್ಟೇ. ಸಾಕ್ಷಿ ಹೇಳಲು ಬಂದವರನ್ನು ಅಪರಾಧಿಯಾಗಿ ಕಳಿಸುವ ವರದಿ ಮುಂದೆ ಯಾವ ನ್ಯಾಯಾಲಯದಲ್ಲೂ ನಿಲ್ಲುವುದು ಕಷ್ಟ. ಅದೂ ಅಲ್ಲದೆ ಖಾಸಗಿ ವಿದ್ಯಾಸಂಸ್ಥೆಯ ನೌಕರರನ್ನು ವಿಚಾರಣೆಯಿಲ್ಲದೆ ವಜಾ ಮಾಡುವುದನ್ನು 1983ರ ಕರ್ನಾಟಕ ಶಿಕ್ಷಣ ಕಾಯಿದೆಯ 92ನೆಯ ವಿಧಿ ತಡೆಯುತ್ತದೆ. ಆದ್ದರಿಂದ ಬರೆದದ್ದು ಇಷ್ಟು: “ಕವರು ಕಚೇರಿ ತಲುಪಿದ ಬಳಿಕ ಏನಾಯಿತೆಂಬುದನ್ನು ಲಭ್ಯ ಸಾಕ್ಷ್ಯದಿಂದ ನಿರ್ಣಯಿಸಲು ಸಾಧ್ಯವಾಗಿಲ್ಲ.”

ಸಾಬೀತಾಗಿಲ್ಲ ಎಂಬುದಕ್ಕೂ ಸುಳ್ಳು ಎಂಬುದಕ್ಕೂ ಇರುವ ಅಂತರವನ್ನೂ ವರದಿ ಕಾಯಬೇಕು. ಪತ್ರ ಬರೆದ ಪೋಷಕರು ಹೇಳಿದ ಕೊರತೆ ನಿಜವಾಗಿಯೇ ಇತ್ತು. ಅವರು ದೂರು ಕೊಡದಿದ್ದರೆ ಯಾರೂ ರಶೀದಿ ಪುಸ್ತಕ ತೆರೆಯುತ್ತಿರಲಿಲ್ಲ. ದೂರು ಪೂರ್ತಿ ನಿಲ್ಲಲಿಲ್ಲವೆಂದು ದೂರುದಾರರಿಗೆ “ಎಚ್ಚರಿಕೆ ನೀಡತಕ್ಕದ್ದು” ಎಂದು ಬರೆದರೆ ಮುಂದಿನ ಸಲ ದೂರು ಬರುವುದಿಲ್ಲ, ಗುಸುಗುಸು ಮಾತ್ರ ಬರುತ್ತದೆ.

ಕೊನೆಯ ಭಾಗ ಶಿಫಾರಸು. ಇಲ್ಲಿ “ಹುಡುಗನಿಗೆ ಇನ್ನು ಮುಂದೆ ಜಾಗರೂಕನಾಗಿರಲು ಬುದ್ಧಿ ಹೇಳಬಹುದು” ಎಂಬ ಸಾಲು ತಾನಾಗಿಯೇ ಬರಲು ನೋಡುತ್ತದೆ. ಎರಡೂ ಕಡೆಯವರಿಗೆ ಸಮಾಧಾನವಾಗಲಿ ಎಂಬ ಊರಿನ ಪಂಚಾಯಿತಿಕೆಯ ಅಭ್ಯಾಸ ಅದು. ಯಾವ ನಿರ್ಣಯದಿಂದ ಆ ಶಿಫಾರಸು ಹುಟ್ಟಿತು? ಯಾವುದರಿಂದಲೂ ಅಲ್ಲ. ಹಾಗಾಗಿ ಅದು ಬೇಡ. ಮುಖ್ಯೋಪಾಧ್ಯಾಯರ ಶಿಫಾರಸುಗಳು ನಾಲ್ಕೇ ಸಾಲು: ನಾಯಕನ ಯಾವ ದಾಖಲೆಯಲ್ಲೂ ಈ ವಿಷಯ ನಮೂದಾಗಬಾರದು, ಹಣವನ್ನು ವಿದ್ಯಾರ್ಥಿಗಳ ಮೂಲಕ ಸಂಗ್ರಹಿಸುವುದನ್ನು ನಿಲ್ಲಿಸಿ ಕಚೇರಿಯೇ ರಶೀದಿ ಕೊಟ್ಟು ಪಡೆಯಬೇಕು, ಹಣದ ವ್ಯತ್ಯಾಸ ಕಂಡರೆ ಅದೇ ದಿನ ತಿಳಿಸಬೇಕೆಂದು ಅಧ್ಯಾಪಕರಿಗೆ ಲಿಖಿತ ಸೂಚನೆ ಹೋಗಬೇಕು, ಕಚೇರಿಯೊಳಗಿನ ಹಣದ ನಿರ್ವಹಣೆಯನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕೇ ಎಂಬುದನ್ನು ಮಂಡಳಿ ನಿರ್ಧರಿಸಬಹುದು. ಕೊನೆಯದರಲ್ಲಿ ‘ಬಹುದು’ ಎಂದಿರುವುದು ಬೇಕೆಂದೇ. ನಿರ್ಧಾರ ಮಂಡಳಿಯದು, ವಿಚಾರಕರದಲ್ಲ.

ಎಲ್ಲ ವಿಷಯಗಳನ್ನೂ ಹೀಗೆ ಮನೆಯೊಳಗೇ ವಿಚಾರಿಸಿ ಮುಗಿಸಲಾಗದು ಎಂಬುದನ್ನು ಪೋಷಕರು ತಿಳಿದಿರಬೇಕು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೋ ಕಾಯಿದೆ ಹೇಳುತ್ತದೆ. “ಮೊದಲು ನಾವು ವಿಚಾರಿಸಿ ನೋಡುತ್ತೇವೆ” ಎಂದು ಸಂಸ್ಥೆ ತಡೆಹಿಡಿಯುವಂತಿಲ್ಲ. ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳಕ್ಕೆ 2013ರ ಕಾಯಿದೆಯಂತೆ ಬೇರೆಯೇ ಸಮಿತಿ, ತೊಂಬತ್ತು ದಿನಗಳ ಗಡುವು, ಹೆಸರು ಹೊರಬರಬಾರದೆಂಬ ಕಟ್ಟು ಇವೆ.

ವರದಿ ಯಾರ ಕೈಗೆ ಹೋಗಬೇಕು? ಹೈದರಾಬಾದಿನ ಇಸಿಐಎಲ್ ಮತ್ತು ಬಿ. ಕರುಣಾಕರ್ ಪ್ರಕರಣದಲ್ಲಿ 1993ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ವಿಚಾರಣೆ ನಡೆಸಿದವರು ಬೇರೆ, ಶಿಕ್ಷೆ ಕೊಡುವವರು ಬೇರೆಯಾದಾಗ ವರದಿಯ ಪ್ರತಿಯನ್ನು ನೌಕರನಿಗೆ ಕೊಟ್ಟು, ಅವನ ಮಾತು ಕೇಳಿದ ಮೇಲೆಯೇ ನಿರ್ಧಾರಕ್ಕೆ ಬರಬೇಕೆಂದು ಹೇಳಿತು. ಮಕ್ಕಳ ವಿಷಯದಲ್ಲಿಯೂ ಅದೇ ಕ್ರಮ ಅನುಸರಿಸುವುದು ಒಳ್ಳೆಯದು. ಮೂಡುಬಿದಿರೆಯ ಕಾಲೇಜಿನಲ್ಲಿ ಐದು ಪುಟದ ವರದಿ ಮಂಡಳಿಗೂ, ಪ್ರತಿಯೊಂದು ಹುಡುಗನ ಮನೆಗೂ ಹೋಯಿತು. ಅಧ್ಯಾಪಕರಿಗೆ ಅವರಿಗೆ ಸಂಬಂಧಿಸಿದ ಭಾಗವನ್ನು ಕೊಟ್ಟು ಉತ್ತರ ಪಡೆದರು. ದೂರು ಕೊಟ್ಟ ಪೋಷಕರಿಗೆ ತಮ್ಮ ಮೂರು ಆರೋಪಗಳಿಗೆ ಸಿಕ್ಕ ನಿರ್ಣಯ ತಿಳಿಸುವ ಪತ್ರ ಹೋಯಿತು. ವರ್ಷಾಂತ್ಯದ ಲೆಕ್ಕದಲ್ಲಿ 4,250 ರೂಪಾಯಿಯನ್ನು “ಪ್ರವಾಸ ಶುಲ್ಕ: ಪತ್ತೆಯಾಗದ ವ್ಯತ್ಯಾಸ” ಎಂಬ ತಲೆಬರಹದಲ್ಲಿ ತೋರಿಸಿದರು. ಯಾರ ಹೆಸರೂ ಅದರ ಮುಂದೆ ಇರಲಿಲ್ಲ.